ಉಪ್ಪಿನ ಋಣದ ಕಥೆ: ಮೂರು ಮಾತು, ಏಳು ಮಾತು, ಹನ್ನೆರಡು ಮಾತು

ಹಲಗೇರಿಯಲ್ಲಿ ನಮ್ಮ ಹಿತ್ತಲಿಗೂ ಅಕ್ಕಾರ ಹಿತ್ತಲಿಗೂ ನಡುವೆ ಇರುವುದು ಒಂದು ಕಳ್ಳಿ ಬೇಲಿ. ಹೊತ್ತು ಇಳಿದ ಮೇಲೆ ಅವರು ಆ ಕಡೆ, ನಾನು ಈ ಕಡೆ ನಿಂತೆವೆಂದರೆ ಮಳೆಯಿಂದ ಹಿಡಿದು ಬ್ಯಾಡಗಿ ಪೇಟೆಯ ಮೆಣಸಿನಕಾಯಿ ಧಾರಣೆಯವರೆಗೂ ಮಾತು ಹರಿಯುತ್ತದೆ. ಮೊನ್ನೆ ಮಾತ್ರ ಮಾತು ಬೇರೆ ಕಡೆ ತಿರುಗಿತು. ಅಕ್ಕಾರ ಮೊಮ್ಮಗಳು ಎಂಟನೇ ಇಯತ್ತೆ. ಸಾಲೆಯಲ್ಲಿ ಆಕೆಗೊಂದು ಕೆಲಸ ಹೇಳಿದ್ದರು.

"ಸರ, ಮೈಲಾರ ಮಹಾದೇವಪ್ಪನವರ ಕಥಿ ಪೂರ್ತಿ ಓದಿಕೊಂಡು ಬರ್ರಿ, ಆಮ್ಯಾಲೆ ಅದನ್ನ ಮೂರು ಮಾತಿನಾಗ ಒಂದು, ಏಳು ಮಾತಿನಾಗ ಒಂದು, ಹನ್ನೆರಡು ಮಾತಿನಾಗ ಒಂದು ನುಡಿ ಮಾಡ್ರಿ ಅಂದಾರಂತ. ಮೂರು ಹಲಗಿ ಮ್ಯಾಲೆ, ಏಳು ಗ್ವಾಡಿ ಮ್ಯಾಲೆ, ಹನ್ನೆರಡು ಕಾರ್ಯಕ್ರಮದ ಚೀಟಿ ಮ್ಯಾಲೆ. ಇದು ಆಗೂ ಮಾತೇನ್ರಿ? ಇಷ್ಟು ದೊಡ್ಡ ಕಥಿ!"

"ಆಗತೈತಿ ಅಕ್ಕಾರ. ಆದರ ಕಥಿ ಮೊದಲು ಬಾಯಿತುಂಬ ಹೇಳಬೇಕು," ಎಂದೆ. ಮೊಮ್ಮಗಳೂ ನೋಟ್‌ಬುಕ್ಕು ಹಿಡಿದು ಬೇಲಿಯ ಹತ್ತಿರ ಬಂದಳು.

ಹೀಗಾಗಿ ಮೊದಲು ಕಥೆ. ಬ್ಯಾಡಗಿ ಹತ್ತಿರದ ಮೋಟೆಬೆನ್ನೂರಿನಲ್ಲಿ 1911ರ ಜೂನ್ 8ರಂದು ಹುಟ್ಟಿದ ಹುಡುಗ ಮಹಾದೇವಪ್ಪ. ತಂದೆ ಮಾರ್ತಾಂಡಪ್ಪ, ತಾಯಿ ಬಸಮ್ಮ. ಹರೆಯ ಬರುವ ಹೊತ್ತಿಗೆ ಖಾದಿಯ ಹುಚ್ಚು ಹತ್ತಿ, ಅದು ಅವರನ್ನು ಗಾಂಧೀಜಿಯ ಸಾಬರಮತಿ ಆಶ್ರಮದವರೆಗೂ ಕರೆದುಕೊಂಡು ಹೋಯಿತು. 1930ರ ಮಾರ್ಚ್ 12ರಂದು ಗಾಂಧೀಜಿ ಉಪ್ಪಿನ ಕರವನ್ನು ಮುರಿಯಲು ದಂಡಿಗೆ ಹೊರಟಾಗ, ಅವರೇ ಆರಿಸಿದ 78 ಮಂದಿಯ ಪಟ್ಟಿಯಲ್ಲಿ ಪ್ರಾಂತವಾರು ಹೆಸರುಗಳಿದ್ದವು. ಗುಜರಾತಿನವರು ಬಹಳ, ಮಹಾರಾಷ್ಟ್ರದವರು ಹಲವರು, ಕರ್ನಾಟಕದಿಂದ ಒಬ್ಬರೇ. ಆ ಒಬ್ಬರು ನಮ್ಮ ಮೋಟೆಬೆನ್ನೂರಿನ ಹುಡುಗ. ವಯಸ್ಸು ಹದಿನೆಂಟು. ಸುಮಾರು 385 ಕಿಲೋಮೀಟರ್ ದಾರಿಯನ್ನು ಕಾಲ್ನಡಿಗೆಯಲ್ಲಿ ಮುಗಿಸಿ, ಏಪ್ರಿಲ್ 6ರ ಬೆಳಗ್ಗೆ ಸಮುದ್ರದ ದಂಡೆಯಲ್ಲಿ ಗಾಂಧೀಜಿ ಉಪ್ಪು ಎತ್ತಿಕೊಂಡ ಆ ನಡಿಗೆಯಲ್ಲಿ ಆತನೂ ಇದ್ದ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಸೆರೆಮನೆ ಕಂಡರು, ಊರಿಗೆ ಮರಳಿದರು, ಕೊರಡೂರಿನಲ್ಲಿ ಆಶ್ರಮ ಕಟ್ಟಿ ಹಳ್ಳಿಯ ಕೆಲಸಕ್ಕೆ ನಿಂತರು. ಹೆಂಡತಿ ಸಿದ್ದಮ್ಮನವರೂ ಹೋರಾಟಕ್ಕಿಳಿದು ಸೆರೆವಾಸ ಅನುಭವಿಸಿದರು. 1942ರಲ್ಲಿ 'ಭಾರತ ಬಿಟ್ಟು ತೊಲಗಿ' ಎಂಬ ಕೂಗು ಎದ್ದಾಗ ಮಹಾದೇವಪ್ಪ ಭೂಗತರಾಗಿ ಈ ಸೀಮೆಯಲ್ಲಿ ಒಂದು ತಂಡ ಕಟ್ಟಿದರು. ಸರಕಾರದ ಆಸ್ತಿಗೆ ಕೈ ಹಾಕಬೇಕು, ಮನುಷ್ಯರ ಮೈಗೆ ಕೈ ಹಾಕಬಾರದು ಎಂಬುದು ಆ ತಂಡದ ಕಟ್ಟಳೆ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ರೈತರಿಂದ ವಸೂಲು ಮಾಡಿ ಗುಡಿಯಲ್ಲಿ ಕಾವಲಿನೊಳಗೆ ಇಟ್ಟಿದ್ದ ಕಂದಾಯದ ಹಣವನ್ನು ವಶ ಮಾಡಿಕೊಳ್ಳಲು ಹೋದಾಗ ಪೊಲೀಸರ ಗುಂಡು ತಗುಲಿತು. ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ, ಮೂವರೂ ಪ್ರಾಣ ಬಿಟ್ಟರು. ಮಹಾದೇವಪ್ಪನವರಿಗೆ ಆಗಿನ್ನೂ ಮೂವತ್ತೆರಡು ತುಂಬಿರಲಿಲ್ಲ.

ಕಥೆ ಮುಗಿದಾಗ ಅಕ್ಕಾರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಮೊಮ್ಮಗಳು ತಾನು ಆಗಲೇ ಬರೆದುಕೊಂಡಿದ್ದ ಮೂರು ಮಾತನ್ನು ಓದಿದಳು: "ದೇಶವೇ ದೇವರು, ಅಜ್ಜಾ."

"ಎರಡ ಮಾತು ಆತಲ್ಲ ತಂಗಿ."

"ಹಂಗಾರ 'ನಮ್ಮ ದೇಶವೇ ದೇವರು'."

ಲೆಕ್ಕಕ್ಕೆ ಅದು ಸರಿ. ಕೇಳುವುದಕ್ಕೂ ಚೆಂದ. ಆದರೆ ನಾನು ಅವಳಿಗೆ ಒಂದೇ ಪ್ರಶ್ನೆ ಕೇಳಿದೆ: ಹೆಸರು ಮುಚ್ಚಿಟ್ಟು ಈ ಮಾತನ್ನು ರಾಣೆಬೆನ್ನೂರು ಬಸ್‌ಸ್ಟ್ಯಾಂಡಿನಲ್ಲಿ ಯಾರಿಗಾದರೂ ಹೇಳಿದರೆ, ಅವರು ಯಾರ ಕಥೆ ಅನ್ನುತ್ತಾರೆ? ಹುಡುಗಿ ಯೋಚಿಸಿದಳು. "ಸಂಗೊಳ್ಳಿ ರಾಯಣ್ಣ ಅನ್ನಬಹುದು. ಭಗತ್ ಸಿಂಗ್ ಅನ್ನಬಹುದು." ಹೌದು. ಎಲ್ಲರಿಗೂ ಹೊಂದುವ ನುಡಿ ಯಾರ ಕಥೆಯದೂ ಅಲ್ಲ. ಉದ್ದ ಕಥೆಯನ್ನು ಸಣ್ಣ ನುಡಿಯಾಗಿಸುವಾಗ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಕಥೆಯಿಂದ ಹುಟ್ಟಿದ ಗುಣವನ್ನು ನಾವು ಬರೆದುಬಿಡುತ್ತೇವೆ, ತ್ಯಾಗ, ಧೈರ್ಯ, ದೇಶಪ್ರೇಮ ಎಂದು. ಕಥೆಯ ಎಲುಬು ಮಾತ್ರ ಹೊರಗೇ ಉಳಿಯುತ್ತದೆ.

ಎಲುಬು ಯಾವುದು ಎಂದು ಹುಡುಕಲು ಒಂದು ಸರಳ ದಾರಿ ಇದೆ. ಕಥೆಯನ್ನು ಸಣ್ಣ ಸಣ್ಣ ವಾಕ್ಯಗಳಾಗಿ ಒಂದರ ಕೆಳಗೆ ಒಂದು ಬರೆಯಬೇಕು. ಪ್ರತಿ ವಾಕ್ಯಕ್ಕೂ ಅದೇ ಪ್ರಶ್ನೆ: ಇದು ಬೇರೆ ಹುತಾತ್ಮರ ಕಥೆಯಲ್ಲಿ ಇದ್ದರೂ ನಡೆಯುತ್ತದೆಯೇ? ನಡೆಯುವುದಾದರೆ ಅಡ್ಡಗೆರೆ. ಹುಡುಗಿ ಬೇಲಿಯ ಕಲ್ಲಿನ ಮೇಲೆ ನೋಟ್‌ಬುಕ್ಕು ಇಟ್ಟು ಬರೆದಳು. 'ಬಾಲ್ಯದಲ್ಲೇ ದೇಶಭಕ್ತಿ ಮೂಡಿತು' ಹೋಯಿತು. 'ಸೆರೆಮನೆ ಕಂಡರು' ಹೋಯಿತು. 'ಗುಂಡಿಗೆ ಎದೆಯೊಡ್ಡಿದರು' ಹೋಯಿತು. ಅದನ್ನು ಹೊಡೆದು ಹಾಕುವಾಗ ಹುಡುಗಿ ಪೆನ್ನು ತಡೆದಳು. ಪ್ರಾಣ ಕೊಟ್ಟದ್ದೇ ದೊಡ್ಡದಲ್ಲವೇ ಎಂದು ಅವಳಿಗೆ. ದೊಡ್ಡದು, ಅದರಲ್ಲಿ ಅನುಮಾನವಿಲ್ಲ. ಆದರೆ ಪ್ರಾಣ ಕೊಟ್ಟವರು ಬಹಳ ಮಂದಿ. ಇವರು ಏತಕ್ಕಾಗಿ, ಎಲ್ಲಿ, ಯಾರ ಜೊತೆ ಕೊಟ್ಟರು ಎಂಬುದೇ ಇವರ ಕಥೆ.

ಕೊನೆಗೆ ಐದು ಉಳಿದವು. ಒಂದು, ಉಪ್ಪು. ಎರಡು, ಈ ನಾಡಿನಿಂದ ಒಬ್ಬರೇ ದಂಡಿಗೆ ಹೋದದ್ದು. ಮೂರು, ದಂಡಿಯಿಂದ ಹೊಸರಿತ್ತಿಯವರೆಗೆ ಹದಿಮೂರು ವರ್ಷ ನಡುವೆ ಬಿಡದೆ ಹೋರಾಡಿದ್ದು. ನಾಲ್ಕು, ಕಂದಾಯದ ಹಣ. ಐದು, ಮೂವರು ಒಟ್ಟಿಗೆ ಬಿದ್ದದ್ದು. ಇಷ್ಟರ ಹೊರಗೆ ಯಾವ ಮಾತನ್ನೂ ತರಬಾರದು ಎಂದು ಗೊತ್ತು ಮಾಡಿಕೊಂಡೆವು.

"ಇನ್ನ ಮೂರು ಮಾತಿಂದ ಸುರು ಮಾಡೂಣ ಅಜ್ಜಾ, ಸಣ್ಣದು ಅದು," ಅಂದಳು ಹುಡುಗಿ.

ಸಣ್ಣದೇ ಕಷ್ಟದ್ದು. ಅದಕ್ಕೇ ಹನ್ನೆರಡರಿಂದ ಇಳಿಯುವುದು ಒಳ್ಳೆಯದು ಎಂದೆ. ಹನ್ನೆರಡು ಮಾತಿನಲ್ಲಿ ಕಥೆಯ ಎರಡು ತುದಿಗಳನ್ನೂ ಕೂರಿಸಲು ಜಾಗವಿದೆ. ಆದರೆ ಒಂದೇ ಉಸಿರಿಗೆ ಹೇಳಿದರೆ ಹನ್ನೆರಡು ಮಾತು ಸುದ್ದಿಯ ಸಾಲಾಗುತ್ತದೆ. ಮೊದಲು ಬಂದದ್ದು ಹಾಗೆಯೇ ಇತ್ತು: ಮೋಟೆಬೆನ್ನೂರಿನ ಹುಡುಗ ಗಾಂಧೀಜಿಯ ಜೊತೆ ದಂಡಿಗೆ ನಡೆದು, ಹದಿಮೂರು ವರ್ಷದ ಮೇಲೆ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ. ಸುಳ್ಳೇನೂ ಇಲ್ಲ. ಆದರೆ ಕೇಳಿದವರ ಬಾಯಲ್ಲಿ ಅದು ಮತ್ತೆ ಹುಟ್ಟುವುದಿಲ್ಲ. ನಮ್ಮ ಗಾದೆಗಳನ್ನು ನೋಡಿ, ಸ್ವಲ್ಪ ಉದ್ದವಾದವು ಹೆಚ್ಚಾಗಿ ನಡುವೆ ಒಡೆದು ಎರಡು ಭಾಗವಾಗಿ ನಿಲ್ಲುತ್ತವೆ. ಮೊದಲ ಭಾಗ ಒಂದು ಮಾತು ಎತ್ತುತ್ತದೆ, ಎರಡನೆಯದು ಅದಕ್ಕೆ ಜೋಡಿಯಾಗಿಯೋ ಎದುರಾಗಿಯೋ ನಿಲ್ಲುತ್ತದೆ. ಹಾಗಾದರೆ ಹನ್ನೆರಡನ್ನು ಆರು, ಆರು ಮಾಡಬೇಕು. ಎರಡೂ ಭಾಗ ಒಂದೇ ಅಚ್ಚಿನಲ್ಲಿರಬೇಕು.

ನಮ್ಮ ಐದು ಎಲುಬುಗಳಲ್ಲಿ ಜೋಡಿ ಯಾವುದು? ಅಕ್ಕಾರೇ ಹುಡುಕಿದರು. "ಅಲ್ರಿ ಸರ, ಆವಾಗೂ ಕರದ ವಿಷಯ, ಈವಾಗೂ ಕರದ ವಿಷಯ. ಅಲ್ಲೆ ಉಪ್ಪಿಂದು, ಇಲ್ಲೆ ಹೊಲದ್ದು." ನನಗೆ ಮೈ ಜುಮ್ಮೆಂದಿತು. ದಂಡಿಯಲ್ಲಿ ಉಪ್ಪಿನ ಮೇಲಿನ ಕರ, ಹೊಸರಿತ್ತಿಯಲ್ಲಿ ಹೊಲದ ಮೇಲಿನ ಕಂದಾಯ. ಬಡವನ ಗಂಜಿಯ ಮೇಲೂ ಬಡವನ ಬೆಳೆಯ ಮೇಲೂ ಕೂತ ಒಂದೇ ಕೈಯನ್ನು ಮಹಾದೇವಪ್ಪ ಎರಡು ಸಲ ತಡೆಯಲು ಹೋದರು. ಮೊದಲ ಸಲ ಈ ನಾಡಿನಿಂದ ಒಬ್ಬರು, ಎರಡನೆಯ ಸಲ ಮೂವರು. ಜೋಡಿ ಸಿಕ್ಕಿತು.

ಹುಡುಗಿ ಬರೆದಳು: ಉಪ್ಪಿನ ಕರ ಮುರಿಯಲು ಒಬ್ಬನೇ ಹೊರಟ. ಇಲ್ಲಿ ತಡೆಯಬೇಕಾಯಿತು. ಒಬ್ಬನೇ ಹೊರಟ ಎಂದರೆ ದಂಡಿಗೆ ಮಹಾದೇವಪ್ಪ ಒಂಟಿಯಾಗಿ ನಡೆದಂತೆ ಕೇಳುತ್ತದೆ. ಗಾಂಧೀಜಿಯ ಹಿಂದೆ 78 ಮಂದಿ ಇದ್ದರು. ಒಬ್ಬರೇ ಇದ್ದದ್ದು ಕರ್ನಾಟಕದಿಂದ. ಸಣ್ಣ ನುಡಿಯಲ್ಲಿ ಇಂಥ ಜಾಗವೇ ಅಪಾಯದ್ದು. ಉದ್ದ ಕಥೆಯಲ್ಲಿ ತಪ್ಪು ಅರ್ಥ ಬಂದರೆ ಮುಂದಿನ ವಾಕ್ಯ ತಿದ್ದುತ್ತದೆ. ಸಣ್ಣ ನುಡಿಗೆ ಮುಂದಿನ ವಾಕ್ಯವೇ ಇಲ್ಲ. ಆದ್ದರಿಂದ 'ನಾಡಿನಿಂದ ಒಬ್ಬ' ಎಂದಾಯಿತು. ಎರಡನೆಯ ಭಾಗಕ್ಕೆ ಅವಳು 'ಹಿಂದೆ ಊರೇ ನಿಂತಿತ್ತು' ಎಂದು ಸೇರಿಸಲು ಹೊರಟಳು. ಕೇಳಲು ಎದೆ ಉಬ್ಬುತ್ತದೆ, ಆದರೆ ಆ ದಿನ ಅಲ್ಲಿ ಊರೇ ನಿಂತಿರಲಿಲ್ಲ. ಗುಟ್ಟಾಗಿ ಹೋದ ಒಂದು ತಂಡದ ಕೆಲಸ ಅದು. ಎದೆ ಉಬ್ಬಿಸಲು ಸೇರಿಸಿದ ಮಾತು ನಾಳೆ ಯಾರಾದರೂ ಕಥೆ ಬಲ್ಲವರು ಕೇಳಿದಾಗ ನುಡಿಯನ್ನೇ ಕೆಡವುತ್ತದೆ. ತೆಗೆದೆವು.

ಕಡೆಗೆ ನಿಂತ ಹನ್ನೆರಡು ಇವು:

ಉಪ್ಪಿನ ಕರ ಮುರಿಯಲು ನಾಡಿನಿಂದ ಒಬ್ಬ ಹೊರಟ. ಕಂದಾಯದ ಹಣ ಬಿಡಿಸಲು ಮೂವರು ಒಟ್ಟಿಗೆ ಮಡಿದರು.

ಎಣಿಸಿ ನೋಡಿ, ಆರು ಮತ್ತು ಆರು. 'ಉಪ್ಪಿನ ಕರ ಮುರಿಯಲು' ಎಂಬ ಮೂರಕ್ಕೆ 'ಕಂದಾಯದ ಹಣ ಬಿಡಿಸಲು' ಎಂಬ ಮೂರು ಜೋಡಿ. 'ಒಬ್ಬ'ನಿಗೆ 'ಮೂವರು' ಎದುರು. 'ಹೊರಟ' ಎಂಬುದಕ್ಕೆ 'ಮಡಿದರು' ಉತ್ತರ. ಐದು ಎಲುಬುಗಳಲ್ಲಿ ನಾಲ್ಕು ಇಲ್ಲಿವೆ. ಇಲ್ಲದ್ದು ಹದಿಮೂರು ವರ್ಷ ಮಾತ್ರ.

ಎಣಿಕೆಯ ವಿಷಯ ಬಂದದ್ದಕ್ಕೆ ಒಂದು ಮಾತು. ಕನ್ನಡದಲ್ಲಿ ಮಾತು ಎಣಿಸುವಾಗ ಮೋಸ ಮಾಡಿಕೊಳ್ಳುವುದು ಸುಲಭ, ಯಾಕೆಂದರೆ ನಮ್ಮ ಪ್ರತ್ಯಯಗಳೆಲ್ಲ ಪದಕ್ಕೆ ಅಂಟಿಕೊಂಡೇ ಬರುತ್ತವೆ. 'ಹೊಸರಿತ್ತಿಯವರೆಗೂ' ಎಷ್ಟು ಉದ್ದವಾದರೂ ಒಂದೇ ಮಾತು, ಅದು ನ್ಯಾಯ. ಆದರೆ ಜಾಗ ಸಾಲದೆಂದು 'ಉಪ್ಪಿನಕರವಿರೋಧಿ' ಎಂದು ಮೂರನ್ನು ಹೊಲಿದು ಒಂದು ಮಾಡಿದರೆ ಲೆಕ್ಕ ಉಳಿಯುತ್ತದೆ, ನುಡಿ ಉಳಿಯುವುದಿಲ್ಲ. ನಾನು ಹುಡುಗಿಗೆ ಹೇಳಿದ ನಿಯಮ ಇದು: ಪುಸ್ತಕದಲ್ಲಿ ಸಾಮಾನ್ಯವಾಗಿ ಬಿಡಿಸಿ ಬರೆಯುವುದನ್ನು ಬಿಡಿಸಿಯೇ ಎಣಿಸು, ಅಂಟಿಸಿ ಬರೆಯುವುದನ್ನು ಅಂಟಿಸಿಯೇ ಎಣಿಸು. ಬಾಯಿಗೆ ತೊಡಕಾದ ಜೋಡುಪದ ಬಂದರೆ ಅದು ಲೆಕ್ಕಕ್ಕಾಗಿ ಮಾಡಿದ್ದೆಂದು ಕೇಳುವವರಿಗೆ ತಕ್ಷಣ ತಿಳಿಯುತ್ತದೆ.

ಇನ್ನು ಏಳು. ಹನ್ನೆರಡರಿಂದ ಐದನ್ನು ಕಿತ್ತರೆ ಏಳು ಬರುತ್ತದೆ ಎಂದು ಹುಡುಗಿ ಹೊರಟಳು. ಕಿತ್ತು ನೋಡಿದಳು. 'ಉಪ್ಪಿಗೆ ನಾಡಿನಿಂದ ಒಬ್ಬ ಹೊರಟ, ಕಂದಾಯಕ್ಕೆ ಮೂವರು ಒಟ್ಟಿಗೆ' ಎಂದಷ್ಟೇ ಉಳಿದು, ಜೋಡಿಯ ಒಂದು ಕಾಲು ಕುಂಟಿತು. ಹನ್ನೆರಡರ ಬಲವೇ ಎರಡು ಸಮ ಭಾಗ. ಅದನ್ನು ಸವರಿದರೆ ಬರುವುದು ಅರ್ಧ ಮುರಿದ ಹನ್ನೆರಡು, ಏಳಲ್ಲ. ಪ್ರತಿ ಅಳತೆಗೂ ಮತ್ತೆ ಕಥೆಯ ಹತ್ತಿರಕ್ಕೇ ಹೋಗಬೇಕು.

ಅಕ್ಕಾರಿಗೆ ಇದು ಒಪ್ಪಿಗೆಯಾಗಲಿಲ್ಲ. ಒಂದೇ ಕಥೆಯಿಂದ ಮೂರು ಬೇರೆ ಬೇರೆ ನುಡಿ ಹೇಗೆ ಎಂದರು. ಆಗ ಬ್ಯಾಡಗಿ ಮೆಣಸಿನಕಾಯಿ ನೆನಪಾಯಿತು. ಅವರ ಮನೆಯಲ್ಲೇ ಕಡ್ಡಿ ಕಾಯಿ ಬೆಳೆಯುತ್ತಾರೆ. ಕಾಯಿಯಿಂದ ಎಣ್ಣೆ ತೆಗೆಯುವ ಕಾರ್ಖಾನೆಗಳು ಬಣ್ಣವನ್ನು ಬೇರೆ ತೆಗೆಯುತ್ತವೆ, ಖಾರವನ್ನು ಬೇರೆ ತೆಗೆಯುತ್ತವೆ. ಕಾಯಿ ಒಂದೇ, ಆದರೆ ಬಣ್ಣದ ಎಣ್ಣೆಯನ್ನು ಕಡಿಮೆ ಮಾಡುತ್ತ ಹೋದರೆ ಖಾರದ ಎಣ್ಣೆ ಆಗುವುದಿಲ್ಲ. ಎರಡಕ್ಕೂ ಕಾಯಿಯಿಂದಲೇ ಸುರು ಮಾಡಬೇಕು. "ಹಂಗ ಹೇಳ್ರಿ ಮತ್ತ," ಎಂದರು ಅಕ್ಕಾರು, ತಿಳಿಯಿತೆಂಬ ದನಿಯಲ್ಲಿ.

ಏಳು ಮಾತಿಗೆ ಎರಡು ಸಮ ಭಾಗದ ಜಾಗವಿಲ್ಲ. ಬೆಸ ಸಂಖ್ಯೆ, ಒಂದು ಕಡೆ ವಾಲುತ್ತದೆ. ಹಾಗಾಗಿ ಏಳಕ್ಕೆ ಹೊಂದುವುದು ಜೋಡಿ ಅಲ್ಲ, ಚಲನೆ. ಒಂದು ಕಡೆಯಿಂದ ಹೊರಟು ಇನ್ನೊಂದು ಕಡೆ ಮುಟ್ಟುವ ಒಂದೇ ಓಟ. ಹನ್ನೆರಡರಲ್ಲಿ ಬಿಟ್ಟುಹೋದ ಹದಿಮೂರು ವರ್ಷ ಇಲ್ಲಿ ಬೇಕಾಯಿತು. ಆದರೆ 'ಹದಿಮೂರು ವರ್ಷ' ಎಂಬ ಎರಡು ಮಾತು ಹಾಕಿದರೆ ಏಳರಲ್ಲಿ ಹತ್ತಿರ ಹತ್ತಿರ ಮೂರನೆಯ ಒಂದು ಪಾಲು ಲೆಕ್ಕಕ್ಕೇ ಹೋಯಿತು. ಊರಿನ ಹೆಸರುಗಳೇ ಆ ಕೆಲಸ ಮಾಡಬಲ್ಲವು. ದಂಡಿ ಎಂದರೆ ಮೊದಲು, ಹೊಸರಿತ್ತಿ ಎಂದರೆ ಕಡೆ. ನಡುವಿನದನ್ನು ಕೇಳುವವರು ತುಂಬಿಕೊಳ್ಳುತ್ತಾರೆ.

ಮೊದಲು ಬರೆದದ್ದು ಹೀಗಿತ್ತು: ದಂಡಿಗೆ ನಡೆದ ಪಾದ ಹೊಸರಿತ್ತಿಯವರೆಗೂ ಹಿಂದೆ ಸರಿಯಲೇ ಇಲ್ಲ. ಏಳಾಯಿತು. ನನಗೆ ಒಪ್ಪಿಗೆಯಾಗಿತ್ತು. ಆದರೆ ಬರೆದವರ ಒಪ್ಪಿಗೆಯ ಮೇಲೆ ನುಡಿ ನಿಲ್ಲುವುದಿಲ್ಲ, ಕೇಳಿದವರ ಬಾಯಿ ಅದನ್ನು ಪರೀಕ್ಷೆ ಮಾಡಬೇಕು. ಅದಕ್ಕೊಂದು ಹಳೆಯ ಉಪಾಯ ಇದೆ. ನುಡಿಯನ್ನು ಒಬ್ಬರಿಗೆ ಒಂದೇ ಸಲ ಹೇಳಿ, ಬೇರೆ ಮಾತಿಗೆ ಹೋಗಿ, ಸ್ವಲ್ಪ ಹೊತ್ತು ಕಳೆದ ಮೇಲೆ 'ನಾನೇನು ಹೇಳಿದ್ದೆ?' ಎಂದು ಕೇಳಬೇಕು. ಅವರ ಬಾಯಲ್ಲಿ ಯಾವ ಮಾತು ಬದಲಾಗಿದೆಯೋ ಅದೇ ಸಡಿಲ ಮಾತು. ಅಕ್ಕಾರಿಗೆ ಹೇಳಿ, ಮಳೆ ಮಾತಾಡಿ, ಆಮೇಲೆ ಕೇಳಿದೆವು. ಅವರು ಹೇಳಿದರು: "ದಂಡಿಗೆ ನಡೆದ ಕಾಲು ಹೊಸರಿತ್ತಿತನಾ ಹಿಂದ ಸರೀಲೇ ಇಲ್ಲ." ಪಾದ ಕಾಲಾಗಿತ್ತು. ಅದೇ ಸರಿ ಎಂದು ತಕ್ಷಣ ಗೊತ್ತಾಯಿತು. ಪಾದ ಎಂದರೆ ಪೂಜೆಗೆ ಇಟ್ಟದ್ದು, ಕಾಲು ಎಂದರೆ ಧೂಳು ಹತ್ತಿ ನಡೆದದ್ದು. ಬೊಬ್ಬೆ ಎದ್ದಿರಬಹುದಾದ ಹದಿನೆಂಟರ ಹುಡುಗನ ಕಾಲು ನಮಗೆ ಬೇಕಾದದ್ದು. ಹೀಗೆ ಏಳು ನಿಂತಿತು:

ದಂಡಿಗೆ ನಡೆದ ಕಾಲು ಹೊಸರಿತ್ತಿಯವರೆಗೂ ಹಿಂದೆ ಸರಿಯಲೇ ಇಲ್ಲ.

'ಸರಿಯಲಿಲ್ಲ' ಎಂದು ಒಂದೇ ಮಾತು ಮಾಡಬಹುದಿತ್ತು, ಆಗ ಆರಾಗುತ್ತಿತ್ತು. ಬಿಡಿಸಿ 'ಸರಿಯಲೇ ಇಲ್ಲ' ಎಂದದ್ದು ಲೆಕ್ಕ ತುಂಬಲು ಅಲ್ಲ. ಆ 'ಲೇ' ಎಂಬ ಒತ್ತು ಬಿದ್ದಾಗಲೇ ಹದಿಮೂರು ವರ್ಷದ ಹಟ ಕಿವಿಗೆ ಕೇಳುತ್ತದೆ. ಲೆಕ್ಕ ತುಂಬಲು ಹಾಕಿದ ಮಾತು ಯಾವುದೆಂದು ತಿಳಿಯಬೇಕಾದರೆ, ಅದನ್ನು ತೆಗೆದು ಓದಿ. ಏನೂ ಕಳೆದಂತೆ ಅನ್ನಿಸದಿದ್ದರೆ ಅದು ತುಂಬಲು ಹಾಕಿದ್ದು.

ಅಷ್ಟರಲ್ಲಿ ಅಕ್ಕಾರು ಕಾರ್ಣಿಕದ ಮಾತು ಎತ್ತಿದರು. ನಮ್ಮ ತಾಲೂಕಿನ ದೇವರಗುಡ್ಡದಲ್ಲಿ ದಸರೆಯ ಹೊತ್ತಿಗೆ ಗೊರವಯ್ಯ ಬಿಲ್ಲೇರಿ ನುಡಿಯುವ ಕಾರ್ಣಿಕವನ್ನು ಈ ಸೀಮೆಯಲ್ಲಿ ಕೇಳದವರಿಲ್ಲ. ಸಾವಿರಾರು ಜನ ಉಸಿರು ಬಿಗಿಹಿಡಿದು ನಿಂತಿರುತ್ತಾರೆ. ಒಂದೇ ಒಂದು ನುಡಿ ಬೀಳುತ್ತದೆ, ಪರಾಕ್ ಎನ್ನುತ್ತ ಗೊರವಯ್ಯ ಕೆಳಕ್ಕೆ ಬೀಳುತ್ತಾನೆ. ಆಮೇಲೆ ವರ್ಷವಿಡೀ ಅದರ ಅರ್ಥ. ಮಳೆಯೋ, ಬೆಳೆಯೋ, ರಾಜಕೀಯವೋ, ಒಬ್ಬೊಬ್ಬರಿಗೆ ಒಂದೊಂದು. "ಅಲ್ಲೆ ನಾಲ್ಕೈದು ಮಾತಿನಾಗ ವರ್ಷದ ಕಥಿನ ಹೇಳತಾರಲ್ರಿ ಸರ. ಹಂಗ ಮಾಡ್ರಿ."

ಕಾರ್ಣಿಕ ದೊಡ್ಡ ನುಡಿ, ಆದರೆ ಅದರ ದಾರಿ ಬೇರೆ. ಕಾರ್ಣಿಕದ ಕಥೆ ಮುಂದೆ ನಡೆಯಬೇಕಾದದ್ದು, ಆದ್ದರಿಂದ ನುಡಿ ಹತ್ತು ಕಡೆಗೆ ತೆರೆದುಕೊಂಡಿರಬೇಕು. ನಮ್ಮ ಕೆಲಸದಲ್ಲಿ ಕಥೆ ಆಗಿಹೋಗಿದೆ. ನುಡಿಯಿಂದ ಹೊರಟವರು ಹತ್ತು ಕಡೆ ಹೋಗಬಾರದು, ಆ ಒಂದೇ ಕಥೆಯ ಬಾಗಿಲಿಗೆ ಬಂದು ಮುಟ್ಟಬೇಕು. ಆದರೂ ಗೊರವಯ್ಯನಿಂದ ಕಲಿಯಬೇಕಾದ್ದು ಒಂದಿದೆ. ಅವನ ನುಡಿಯಲ್ಲಿ ಬರುವುದು ಹೊಲದ, ಮನೆಯ, ಆಕಾಶದ ಮಾತು. ಯಾರಿಗೂ ಅರ್ಥ ಕೇಳಬೇಕಾಗದ ವಸ್ತುಗಳು. ಮೂರು ಮಾತಿನ ನುಡಿಗೆ ಬೇಕಾದದ್ದು ಅದೇ.

ಮೂರರಲ್ಲಿ ಹೊಸದೇನನ್ನೂ ವಿವರಿಸಲು ಆಗುವುದಿಲ್ಲ. ಊರ ಹೆಸರು ಒಂದು ಹಾಕಿದರೆ ಮೂರರಲ್ಲಿ ಒಂದು ಹೋಯಿತು. 'ನಡೆದ, ನಡೆಸಿದ, ಮಡಿದ' ಎಂದು ಹುಡುಗಿ ಬರೆದಳು. ಪ್ರಾಸ ಕುದುರಿತ್ತು, ಕಿವಿಗೆ ಹಿತವಾಗಿತ್ತು. ಹೆಸರು ಮುಚ್ಚಿ ನೋಡಿದರೆ ಮತ್ತೆ ಎಲ್ಲ ನಾಯಕರಿಗೂ ಹೊಂದುತ್ತಿತ್ತು. ಪ್ರಾಸ ಚೆನ್ನಾಗಿ ಬಂದಾಗಲೇ ಹೆಚ್ಚು ಎಚ್ಚರ ಬೇಕು. ಅದರ ಸದ್ದಿಗೆ ಮನಸ್ಸು ಸೋತು, ಕಥೆ ಜಾರಿಹೋದದ್ದು ತಿಳಿಯುವುದಿಲ್ಲ.

ಮೂರು ಮಾತು ಗೆಲ್ಲುವುದು ಕೇಳುವವರ ಮನೆಯಲ್ಲಿ ಆಗಲೇ ಇರುವ ಮಾತನ್ನು ಹಿಡಿದಾಗ. ನಮ್ಮ ಕಥೆಯಲ್ಲಿ ಅಂಥ ಮಾತು ಇತ್ತು, ಮೊದಲ ಎಲುಬಾಗಿ: ಉಪ್ಪು. ಉಪ್ಪು ಎಂದ ಕೂಡಲೇ ನಮ್ಮ ಸೀಮೆಯ ಯಾವ ಮುದುಕಿಯ ಬಾಯಿಗೂ ಬರುವುದು ಉಪ್ಪಿನ ಋಣ. ಉಂಡ ಮನೆಯ ಉಪ್ಪಿಗೆ ಎರಡು ಬಗೆಯಬಾರದು ಎಂಬ ಮಾತಿನಲ್ಲಿ ಬೆಳೆದವರು ನಾವು. ದಂಡಿಗೆ ಉಪ್ಪಿಗಾಗಿಯೇ ನಡೆದು, ಈ ನೆಲಕ್ಕಾಗಿಯೇ ಹದಿಮೂರು ವರ್ಷದ ಮೇಲೆ ಪ್ರಾಣ ಬಿಟ್ಟವರಿಗೆ ಇದಕ್ಕಿಂತ ಹೊಂದುವ ಮಾತು ಇನ್ನೊಂದಿಲ್ಲ:

ಉಪ್ಪಿನ ಋಣ ತೀರಿಸಿದ.

ಇಲ್ಲಿಯೂ ಅಕ್ಕಾರು ಒಂದು ಅಡ್ಡಪ್ರಶ್ನೆ ಹಾಕಿದರು, ಸರಿಯಾದದ್ದೇ. "ಉಪ್ಪಿನ ಋಣ ಅಂದ್ರ ಧಣಿಗೆ ಆಳು ತೀರಸೂದು ಅಲ್ರಿ? ಆವಾಗ ಧಣಿ ಅಂದ್ರ ಸರಕಾರ. ಸರಕಾರದ ಋಣ ತೀರಿಸಿದಂಗ ಆಗಲಿಲ್ಲೇನ್ರಿ?" ನಾನು ಹೇಳಿದೆ: ಉಪ್ಪನ್ನು ಕೊಟ್ಟದ್ದು ಸಮುದ್ರ, ನೆಲ, ದುಡಿದ ಕೈ. ಸರಕಾರ ಕೊಟ್ಟದ್ದು ಅದರ ಮೇಲಿನ ಕರ ಮಾತ್ರ. ದಂಡಿಯಲ್ಲಿ ಗಾಂಧೀಜಿ ಕೈಯಲ್ಲಿ ಎತ್ತಿ ತೋರಿಸಿದ್ದೂ ಇದನ್ನೇ. ಹಾಗಾಗಿ ಋಣ ಇರುವುದು ನೆಲಕ್ಕೆ. ಅಕ್ಕಾರು ತಲೆದೂಗಿದರು. ಆದರೆ ಅವರ ಪ್ರಶ್ನೆಯಿಂದ ಮೂರು ಮಾತಿನ ಮಿತಿಯೂ ತಿಳಿಯಿತು. ಕಥೆ ಕೇಳದವರಿಗೆ ಈ ಮೂರು ಮಾತು ಒಬ್ಬ ನಿಷ್ಠಾವಂತ ಆಳಿನ ಬಗ್ಗೆ ಹೇಳಿದಂತೆ ಕೇಳಬಹುದು. ಕಥೆ ಕೇಳಿದವರಿಗೆ ಮಾತ್ರ ದಂಡಿಯ ಸಮುದ್ರ ಕಾಣುತ್ತದೆ. ಹನ್ನೆರಡು ಮಾತು ತನ್ನ ಕಾಲ ಮೇಲೆ ನಿಲ್ಲಬಲ್ಲದು, ಏಳಕ್ಕೆ ಸ್ವಲ್ಪ ಆಸರೆ ಬೇಕು, ಮೂರಕ್ಕೆ ಪೂರ್ತಿ ಕಥೆಯೇ ಬೇಕು. ಸಾಲೆಯ ಗೋಡೆ, ಹಲಗೆ, ಚೀಟಿ ಎಂದು ಹಂಚುವಾಗ ಇದನ್ನು ನೆನಪಿಡಬೇಕು. ಹೊರಗಿನವರ ಕೈಗೆ ಹೋಗುವ ಚೀಟಿಗೆ ಹನ್ನೆರಡೇ ಸರಿ. ದಿನವೂ ಪಾಠ ಕೇಳುವ ಮಕ್ಕಳ ಹಲಗೆಗೆ ಮೂರು ಸಾಕು.

"ಇನ್ನೊಂದು ಮಾತ್ರಿ ಸರ. ಅಷ್ಟು ದೊಡ್ಡವರಿಗೆ 'ತೀರಿಸಿದ', 'ಹೊರಟ' ಅಂತ ಏಕವಚನ ಹಚ್ಚೀರಲ್ಲ?"

ಇದಕ್ಕೆ ಉತ್ತರ ನಮ್ಮ ಹಾಡುಗಾರರಲ್ಲೇ ಇದೆ. ಲಾವಣಿಯವರು ರಾಯಣ್ಣನನ್ನು ಹಾಡುವಾಗ ಬಂದ, ನಿಂತ ಎಂದೇ ಹಾಡುತ್ತಾರೆ. ಅದು ಅಗೌರವ ಅಲ್ಲ, ಮನೆಯ ಮಗನನ್ನು ಕರೆಯುವ ಸಲುಗೆ. ಆದರೂ ಮುಖ್ಯಗುರುಗಳಿಗೆ ಬಹುವಚನವೇ ಬೇಕಾದರೆ 'ತೀರಿಸಿದರು' ಎಂದು ಬರೆದುಕೊಳ್ಳಲಿ, ಎಣಿಕೆ ಬದಲಾಗುವುದಿಲ್ಲ. ನನ್ನ ಮಾತು ಕೇಳಿದರೆ, ನುಡಿಯಲ್ಲಿ ಏಕವಚನ ಇರಲಿ, ಕಥೆ ಹೇಳುವಾಗ ಬಹುವಚನ ಇರಲಿ. ಹಾಗೆ ಇಟ್ಟರೆ ಸಲುಗೆಯೂ ಉಳಿಯುತ್ತದೆ, ಮರ್ಯಾದೆಯೂ ಉಳಿಯುತ್ತದೆ.

ಹೊರಡುವ ಮುಂಚೆ ಅಕ್ಕಾರು ಕೇಳಿದ ಕೊನೆಯ ಪ್ರಶ್ನೆಯೇ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು. "ಎಲ್ಲಾ ಖರೆ. ಆದರ ಸಿದ್ದಮ್ಮ ಎಲ್ಲೆದಾಳ್ರಿ ಇದರಾಗ?"

ಮೂರರಲ್ಲೂ ಇಲ್ಲ, ಏಳರಲ್ಲೂ ಇಲ್ಲ, ಹನ್ನೆರಡರಲ್ಲೂ ಇಲ್ಲ. ಗಂಡನ ಜೊತೆ ಹೋರಾಟಕ್ಕಿಳಿದು ಸೆರೆಮನೆ ಕಂಡ ಹೆಂಗಸು, ಗಂಡ ಬಿದ್ದ ಮೇಲೂ ಬದುಕಿ ಉಳಿದ ಹೆಂಗಸು, ನಮ್ಮ ಯಾವ ಅಳತೆಯಲ್ಲೂ ಹಿಡಿಯಲಿಲ್ಲ. ಹುಡುಗಿ ತಕ್ಷಣ ಹನ್ನೆರಡರೊಳಗೆ 'ಸತಿಯೊಡನೆ' ಎಂದು ತುರುಕಲು ನೋಡಿದಳು. ಬೇಡ ಎಂದೆ. ಆ ಒಂದು ಮಾತಿನಿಂದ ಸಿದ್ದಮ್ಮನವರಿಗೆ ನ್ಯಾಯ ಸಿಗುವುದಿಲ್ಲ, ಅವರು ಗಂಡನ ನುಡಿಯ ಬಾಲವಾಗುತ್ತಾರೆ, ನುಡಿಯೂ ಕೆಡುತ್ತದೆ. ಸಣ್ಣ ನುಡಿಯ ಗುಣವೇ ಬಿಡುವುದು. ಬಿಟ್ಟದ್ದನ್ನು ಒಳಗೆ ಗಿಡಿಯಬಾರದು, ಅದಕ್ಕೆ ಬೇರೆ ನುಡಿ ಕಟ್ಟಬೇಕು. ಸಿದ್ದಮ್ಮನವರ ಕಥೆಯನ್ನು ಬೇರೆಯಾಗಿ ಬರೆದು, ವಾಕ್ಯಗಳನ್ನು ಒಂದರ ಕೆಳಗೆ ಒಂದು ಇಟ್ಟು, ಅಡ್ಡಗೆರೆ ಎಳೆದು, ಅವರದೇ ಎಲುಬು ಹುಡುಕಬೇಕು. ತಿರಕಪ್ಪ ಮಡಿವಾಳರರಿಗೂ ವೀರಯ್ಯ ಹಿರೇಮಠರಿಗೂ ಹಾಗೆಯೇ. ಹನ್ನೆರಡರಲ್ಲಿ ಅವರು 'ಮೂವರು' ಎಂಬ ಎಣಿಕೆಯಾಗಿ ಬಂದಿದ್ದಾರೆ, ಹೆಸರಾಗಿ ಬಂದಿಲ್ಲ. ಆ ಕೆಲಸವನ್ನು ಹುಡುಗಿ ತಾನೇ ಮಾಡುತ್ತೇನೆಂದು ಒಪ್ಪಿಕೊಂಡಿದ್ದಾಳೆ.

ಹಾವೇರಿಯ ರೈಲು ನಿಲ್ದಾಣಕ್ಕೆ ಮಹಾದೇವಪ್ಪನವರ ಹೆಸರಿದೆ. ಗೋಡೆಗೆ ಹೆಸರು ಬರೆಯುವುದು ಸರಕಾರದ ಕೆಲಸ, ಕಥೆಯನ್ನು ನುಡಿಯಾಗಿ ಬಾಯಿಯಿಂದ ಬಾಯಿಗೆ ಸಾಗಿಸುವುದು ನಮ್ಮ ಕೆಲಸ. ನಿಮ್ಮೂರ ಸಾಲೆಯಲ್ಲಿ ಮಕ್ಕಳಿಗೆ ಇಂಥ ಕೆಲಸ ಕೊಟ್ಟರೆ ದಯವಿಟ್ಟು ಅವರ ಜೊತೆ ಕೂಡ್ರಿ. ಮೊದಲು ಕಥೆಯನ್ನು ಪೂರ್ತಿ ಹೇಳಿರಿ, ಆಮೇಲೆ ಎಲ್ಲರಿಗೂ ಹೊಂದುವ ಮಾತುಗಳನ್ನು ಅಡ್ಡಗೆರೆ ಎಳೆದು ತೆಗೆಸಿರಿ, ಎಲ್ಲಕ್ಕಿಂತ ಹೆಚ್ಚಾಗಿ ಎದೆ ಉಬ್ಬಿಸುವ ಸುಳ್ಳನ್ನು ಒಂದು ಮಾತಿನಷ್ಟೂ ಒಳಗೆ ಬಿಡಬೇಡಿರಿ. ಹೋರಾಡಿ ಮಡಿದವರಿಗೆ ನಮ್ಮ ಪ್ರಾಸ ಬೇಕಿಲ್ಲ, ಅವರು ಮಾಡಿದ್ದನ್ನು ಮಾಡಿದಂತೆಯೇ ಹೇಳಿದರೆ ಸಾಕು.